ನೀರಿನ ಸ್ಕೇಲು, ಹರಿಯುವುದು ಆಸಿಡ್: ರೋಟಾಮೀಟರ್ ರೀಡಿಂಗ್ ಸರಿಪಡಿಸುವ ಲೆಕ್ಕ

ನೀರಿನ ಲವಣ ತೆಗೆಯುವ ಡಿಎಂ ಪ್ಲಾಂಟಿನಲ್ಲಿ ಕ್ಯಾಟಯಾನ್ ರೆಸಿನ್ ರಿಜನರೇಶನ್, ಅಂದರೆ ದಣಿದ ರೆಸಿನ್ನಿಗೆ ಆಸಿಡ್ ಹರಿಸಿ ಮತ್ತೆ ಸಜ್ಜು ಮಾಡುವ ಕೆಲಸ, ನಡೆಯುತ್ತಿದೆ. ಆಸಿಡ್ ಲೈನಿನ ಗಾಜಿನ ರೋಟಾಮೀಟರ್ ಗಂಟೆಗೆ 162 ಲೀಟರ್ ತೋರಿಸುತ್ತಿದೆ, ಲಾಗ್ ಪುಸ್ತಕದಲ್ಲೂ ಅದನ್ನೇ ಬರೆದಿದ್ದಾರೆ. ನಿಜವಾಗಿ ಹೋಗುತ್ತಿರುವುದು 140 ಲೀಟರ್. ಮೀಟರ್ ಕೆಟ್ಟಿಲ್ಲ. ಅದರ ಮೇಲಿನ ಗೆರೆಗಳನ್ನು ನೀರು ಹರಿಸಿ ಎಳೆದದ್ದು, ಈಗ ಹರಿಯುತ್ತಿರುವುದು 32% ಹೈಡ್ರೋಕ್ಲೋರಿಕ್ ಆಸಿಡ್, ಅಷ್ಟೇ ವ್ಯತ್ಯಾಸ. ಈ 14% ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ಸರಿಪಡಿಸಬೇಕು ಎಂದು ಇದೇ ಆಸಿಡ್ ಲೈನನ್ನು ಹಿಡಿದು ನೋಡೋಣ. ಗಾಳಿ, ನೈಟ್ರೋಜನ್‌ಗಳ ಲೆಕ್ಕ ಸ್ವಲ್ಪ ಬೇರೆ, ಅದು ಆಮೇಲೆ.

ಫ್ಲೋಟ್ ನಿಲ್ಲುವುದು ಯಾವಾಗ

ರೋಟಾಮೀಟರಿನ ಟ್ಯೂಬ್ ಕೆಳಗೆ ಕಿರಿದು, ಮೇಲೆ ಅಗಲ. ಫ್ಲೋಟ್ ಮೇಲೇರಿದಷ್ಟೂ ಅದರ ಸುತ್ತಲಿನ ಸಂದು ದೊಡ್ಡದಾಗುತ್ತದೆ. ಫ್ಲೋಟಿನ ತೂಕ ಅದನ್ನು ಕೆಳಗೆಳೆಯುತ್ತದೆ. ದ್ರವದ ತೇಲಿಸುವ ಬಲ ಮತ್ತು ಹರಿವಿನ ತಳ್ಳು ಎರಡೂ ಸೇರಿ ಮೇಲಕ್ಕೆತ್ತುತ್ತವೆ. ಇವು ಸರಿಸಮವಾದ ಎತ್ತರದಲ್ಲಿ ಫ್ಲೋಟ್ ನಿಲ್ಲುತ್ತದೆ.

ನೀರಿನ ಬದಲು ಅದಕ್ಕಿಂತ ಭಾರದ ದ್ರವ ಬಂದಾಗ ಎರಡು ಸಂಗತಿ ಬದಲಾಗುತ್ತವೆ. ತೇಲಿಸುವ ಬಲ ಹೆಚ್ಚಿ, ಎತ್ತಬೇಕಾದ ತೂಕ ಕಡಿಮೆಯಾಗುತ್ತದೆ. ಜೊತೆಗೆ ಅದೇ ವೇಗದಲ್ಲಿ ಹರಿದರೂ ಭಾರದ ದ್ರವ ಫ್ಲೋಟನ್ನು ಹೆಚ್ಚು ಜೋರಾಗಿ ತಳ್ಳುತ್ತದೆ. ಎರಡೂ ಒಂದೇ ದಿಕ್ಕಿನವು: ಅದೇ ಗೆರೆಗೆ ಫ್ಲೋಟನ್ನು ಏರಿಸಲು ಈಗ ಕಡಿಮೆ ಹರಿವು ಸಾಕು. ಹಾಗಾಗಿ ಭಾರದ ದ್ರವಕ್ಕೆ ನಿಜವಾದ ಹರಿವು ಯಾವಾಗಲೂ ರೀಡಿಂಗಿಗಿಂತ ಕಡಿಮೆ, ಹಗುರದ ದ್ರವಕ್ಕೆ ಯಾವಾಗಲೂ ಹೆಚ್ಚು. ಇದನ್ನು ಲೆಕ್ಕಕ್ಕೆ ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಸೂತ್ರವನ್ನು ತಲೆಕೆಳಗೆ ಹಾಕುವುದು ಅತಿ ಸಾಮಾನ್ಯ ತಪ್ಪು, ಅದು ಸಿಕ್ಕಿಬೀಳುವುದು ಇಲ್ಲೇ.

ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಸೂತ್ರದಲ್ಲಿ ವರ್ಗಮೂಲ ಬರುತ್ತದೆ:

```
Q2 = Q1 × √[ (ρf − ρ2) × ρ1 / ( (ρf − ρ1) × ρ2 ) ]
```

`Q1` ಸ್ಕೇಲಿನ ಮೇಲೆ ಓದಿದ ಅಂಕಿ, `Q2` ನಿಜವಾದ ಹರಿವು. ವರ್ಗಮೂಲ ತೆಗೆದು ಬರುವ ಅಂಕಿಯೇ ಗುಣಕ. `ρ1` ಸ್ಕೇಲ್ ಮಾಡಿದ ದ್ರವದ ಸಾಂದ್ರತೆ, `ρ2` ಈಗ ಹರಿಯುತ್ತಿರುವುದರ ಸಾಂದ್ರತೆ, `ρf` ಫ್ಲೋಟಿನದು. ಮೂರನ್ನೂ ಒಂದೇ ಏಕಮಾನದಲ್ಲಿ ಹಾಕಬೇಕು. ಇಲ್ಲಿ ಘನ ಮೀಟರಿಗೆ ಕಿಲೋಗ್ರಾಂ ಬಳಸಿದ್ದೇವೆ.

ಹಂತ 1: ಸ್ಕೇಲ್ ಯಾವುದರದ್ದು?

ಟ್ಯೂಬಿನ ಮೇಲೋ ಪಕ್ಕದ ಪಟ್ಟಿಯಲ್ಲೋ ಸಣ್ಣ ಅಕ್ಷರಗಳಲ್ಲಿ ದ್ರವದ ಹೆಸರು, ಸಾಂದ್ರತೆ, ತಾಪಮಾನ ಇರುತ್ತವೆ. ನೀರು ಎಂದಿದ್ದು ತಾಪಮಾನ 20 ಡಿಗ್ರಿ ಇದ್ದರೆ `ρ1` 998. ಬರಿಯ ಗೆರೆಗಳಿದ್ದು ಏನೂ ಬರೆದಿಲ್ಲದಿದ್ದರೆ ಮಾಡೆಲ್ ಮತ್ತು ಸೀರಿಯಲ್ ನಂಬರ್ ಹಿಡಿದು ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಹುಡುಕಿ.

ಇಲ್ಲಿ ಒಂದು ಎಚ್ಚರಿಕೆ. ಆರ್ಡರ್ ಕೊಡುವಾಗಲೇ ಆಸಿಡ್ಡಿಗೆಂದು ತಿಳಿಸಿದ್ದರೆ ತಯಾರಕರು ಆಸಿಡ್ಡಿನ ಸ್ಕೇಲನ್ನೇ ಬರೆದಿರುತ್ತಾರೆ. ಅದಕ್ಕೆ ಮತ್ತೆ ಗುಣಕ ಹಾಕಿದರೆ ಒಂದೇ ತಿದ್ದುಪಡಿ ಎರಡು ಸಲ ಆಗುತ್ತದೆ. ಪಟ್ಟಿ ಓದದೆ ಕ್ಯಾಲ್ಕ್ಯುಲೇಟರ್ ಮುಟ್ಟಬೇಡಿ.

ಹಂತ 2: ದ್ರವದ ಸಾಂದ್ರತೆ ಅಳೆಯಿರಿ

ಟ್ಯಾಂಕರ್ ಜೊತೆ ಬಂದ ಚೀಟಿಯ ಶೇಕಡಾವಾರು ನೋಡಿ ಪುಸ್ತಕದಿಂದ ಸಾಂದ್ರತೆ ತೆಗೆಯುವುದಕ್ಕಿಂತ ಮೆಷರಿಂಗ್ ಟ್ಯಾಂಕಿನಿಂದ ಸ್ಯಾಂಪಲ್ ತೆಗೆದು ಹೈಡ್ರೋಮೀಟರ್ ಮುಳುಗಿಸುವುದು ಮೇಲು. ನಮ್ಮ ಉದಾಹರಣೆಯ ಆಸಿಡ್ 1.160 ತೋರಿಸಿತು ಅನ್ನೋಣ, `ρ2` 1160. ಸ್ಯಾಂಪಲಿನ ತಾಪಮಾನ ಲೈನಿನ ತಾಪಮಾನಕ್ಕೆ ಹತ್ತಿರವಿದ್ದರೆ ಸಾಕು. ಹದಿನೈದು ಡಿಗ್ರಿ ಏರಿದರೂ ಈ ಆಸಿಡ್ಡಿನ ಸಾಂದ್ರತೆ ಇಳಿಯುವುದು ಎಂಟರಷ್ಟು ಮಾತ್ರ, 1160 ಇದ್ದದ್ದು ಸುಮಾರು 1152 ಆಗುತ್ತದೆ. ಅಂತಿಮ ಉತ್ತರದಲ್ಲಿ ಅದರ ಪರಿಣಾಮ 1% ಸಹ ಇಲ್ಲ.

ಬಿಸಿನೀರಿನ ವಿಷಯವೂ ಹೀಗೇ. 80 ಡಿಗ್ರಿ ನೀರಿನ ಸಾಂದ್ರತೆ 972. ಸ್ಟೀಲ್ ಫ್ಲೋಟಿನ ಮೀಟರಿನಲ್ಲಿ ಗುಣಕ 1.015 ಬರುತ್ತದೆ, ಅಂದರೆ ಒಂದೂವರೆ ಶೇಕಡ. ದ್ರವಗಳಲ್ಲಿ ತಾಪಮಾನ ಸಾಂದ್ರತೆಯ ಮೂಲಕ ಮಾಡುವ ಹಾನಿ ಕಡಿಮೆ. ಸ್ನಿಗ್ಧತೆಯ ಮೂಲಕ ಮಾಡುವುದು ಹೆಚ್ಚು. ಅದಕ್ಕೆ ಮುಂದೆ ಬರೋಣ.

ಹಂತ 3: ಫ್ಲೋಟಿನ ಸಾಂದ್ರತೆ ಖಚಿತ ಮಾಡಿಕೊಳ್ಳಿ

ಲೆಕ್ಕ ಹಾಳಾಗುವುದು ಹೆಚ್ಚಾಗಿ ಇಲ್ಲಿ. 316 ಸ್ಟೀಲ್ ಫ್ಲೋಟಿಗೆ ಸುಮಾರು 8000, ಟೆಫ್ಲಾನಿಗೆ ಸುಮಾರು 2200, ಪಿವಿಸಿಗೆ ಸುಮಾರು 1400. ಇವು ಗಟ್ಟಿ ಫ್ಲೋಟಿನ ಅಂಕಿಗಳು. ಒಳಗೆ ಟೊಳ್ಳಿರುವ ಫ್ಲೋಟ್, ಟೆಫ್ಲಾನ್ ಹೊದಿಕೆಯೊಳಗೆ ಸ್ಟೀಲ್ ತುಂಡಿರುವ ಫ್ಲೋಟ್, ಮೆಟಲ್ ಟ್ಯೂಬ್ ಮೀಟರುಗಳ ಅಯಸ್ಕಾಂತವಿರುವ ಫ್ಲೋಟ್ ಇವಕ್ಕೆಲ್ಲ ಪುಸ್ತಕದ ಅಂಕಿ ಹೊಂದುವುದಿಲ್ಲ. ಬೇಕಾದದ್ದು ಇಡೀ ಫ್ಲೋಟಿನ ತೂಕವನ್ನು ಅದರ ಹೊರ ಗಾತ್ರದಿಂದ ಭಾಗಿಸಿದ ಅಂಕಿ.

ಅನುಮಾನವಿದ್ದರೆ ತೂಗಿಬಿಡಿ. ಲೈನ್ ಐಸೊಲೇಟ್ ಮಾಡಿ, ಡ್ರೈನ್ ಮಾಡಿ, ಸಾಕಷ್ಟು ನೀರು ಹರಿಸಿ ತೊಳೆದ ಮೇಲಷ್ಟೇ ಮೀಟರ್ ಬಿಚ್ಚಬೇಕು. ಫೇಸ್ ಶೀಲ್ಡ್, ಆಸಿಡ್ ಗ್ಲೌಸ್ ಇಲ್ಲದೆ ಬೇಡ. ಫ್ಲೋಟನ್ನು ಒರೆಸಿ ಒಮ್ಮೆ ಹಾಗೇ ತೂಗಿ. ಆಮೇಲೆ ಅದನ್ನು ತೆಳು ದಾರದಲ್ಲಿ ತಕ್ಕಡಿಯಿಂದ ಇಳಿಬಿಟ್ಟು ನೀರಿನ ಬೀಕರಿನಲ್ಲಿ ಪೂರ್ತಿ ಮುಳುಗಿಸಿ, ತಳ ತಾಗದಂತೆ ನೋಡಿಕೊಂಡು ಮತ್ತೆ ತೂಗಿ. ಮೊದಲ ತೂಕ 33.0 ಗ್ರಾಂ, ನೀರಿನಲ್ಲಿ 18.0 ಗ್ರಾಂ ಬಂತು ಅನ್ನಿ. ವ್ಯತ್ಯಾಸ 15.0. 33ನ್ನು 15ರಿಂದ ಭಾಗಿಸಿದರೆ 2.2, ಅಂದರೆ ಘನ ಮೀಟರಿಗೆ 2200 ಕಿಲೋ. ಗಟ್ಟಿ ಟೆಫ್ಲಾನ್ ಎಂಬುದು ಖಾತ್ರಿಯಾಯಿತು. ಟೆಫ್ಲಾನಿಗೆ ನೀರು ಅಂಟುವುದಿಲ್ಲ; ಅದರ ಮೈಗೆ ಸಣ್ಣ ಗುಳ್ಳೆಗಳು ಕೂತು ತೂಕವನ್ನು ಕಡಿಮೆ ತೋರಿಸುತ್ತವೆ. ಬೀಕರಿಗೆ ಒಂದೇ ಒಂದು ಹನಿ ಸೋಪು ನೀರು ಬಿಟ್ಟು ಫ್ಲೋಟನ್ನು ಅಲ್ಲಾಡಿಸಿದರೆ ಗುಳ್ಳೆ ಬಿಡುತ್ತವೆ.

ಫ್ಲೋಟ್ ಯಾಕೆ ಇಷ್ಟು ಮುಖ್ಯ? ಇದೇ ಆಸಿಡ್ಡಿಗೆ ಸ್ಟೀಲ್ ಸಾಂದ್ರತೆ ಹಾಕಿ ನೋಡಿದರೆ ಗುಣಕ 0.917, ಟೆಫ್ಲಾನ್ ಹಾಕಿದರೆ 0.863, ಪಿವಿಸಿ ಹಾಕಿದರೆ 0.717. ಫ್ಲೋಟ್ ಹಗುರವಾದಷ್ಟೂ ತೇಲಿಸುವ ಬಲದ ಪಾಲು ದೊಡ್ಡದಾಗಿ, ದ್ರವ ಬದಲಾದಾಗ ಮೀಟರ್ ಹೆಚ್ಚು ದಾರಿ ತಪ್ಪುತ್ತದೆ. ಸ್ಟೀಲ್ ಫ್ಲೋಟಿಗೆ ಬರೆದ ಸ್ಕೇಲಿನಲ್ಲಿ, ಸ್ಟೋರ್ಸಿನಿಂದ ತಂದ ಅದೇ ಆಕಾರದ ಟೆಫ್ಲಾನ್ ಫ್ಲೋಟನ್ನು ಯಾರೋ ಹಾಕಿದ್ದರಂತೂ ಕೇಳುವುದೇ ಬೇಡ: ನೀರಿನಲ್ಲೇ ರೀಡಿಂಗ್ 1000 ಇದ್ದಾಗ ಹರಿಯುವುದು ಸುಮಾರು 414.

ಹಂತ 4: ಗುಣಕ ತೆಗೆಯಿರಿ

```
(2200 − 1160) × 998  = 10,37,920
(2200 − 998) × 1160  = 13,94,320
√(10,37,920 / 13,94,320) = √0.744 = 0.863
```

ಓದಿದ 162ನ್ನು 0.863ರಿಂದ ಗುಣಿಸಿದರೆ 140. ಆರಂಭದಲ್ಲಿ ಹೇಳಿದ ಅಂಕಿ ಬಂದದ್ದು ಹೀಗೆ. ದ್ರವ ನೀರಿಗಿಂತ ಭಾರ, ಗುಣಕ ಒಂದಕ್ಕಿಂತ ಕಡಿಮೆ: ದಿಕ್ಕು ಸರಿಯಾಗಿದೆ.

ಆದರೆ ಆಪರೇಟರಿಗೆ ಬೇಕಾದದ್ದು ಉಲ್ಟಾ ಲೆಕ್ಕ: ಇಷ್ಟು ಆಸಿಡ್ ಹೋಗಬೇಕಾದರೆ ಫ್ಲೋಟನ್ನು ಯಾವ ಗೆರೆಗೆ ನಿಲ್ಲಿಸಬೇಕು? ಆಗ ಗುಣಿಸುವುದಲ್ಲ, ಭಾಗಿಸಬೇಕು. 500 ಲೀಟರ್ ರೆಸಿನ್ ಇದೆ, ಲೀಟರಿಗೆ 60 ಗ್ರಾಂ ಶುದ್ಧ ಆಸಿಡ್ ಕೊಡಬೇಕು ಎಂದಿಟ್ಟುಕೊಳ್ಳಿ. ಒಟ್ಟು 30 ಕಿಲೋ. ಆಸಿಡ್ 32% ಆದ್ದರಿಂದ 93.75 ಕಿಲೋ ದ್ರಾವಣ ಬೇಕು, 1.16ರಿಂದ ಭಾಗಿಸಿದರೆ ಸುಮಾರು 81 ಲೀಟರ್. ಅರ್ಧ ಗಂಟೆಯಲ್ಲಿ ಕಳಿಸಬೇಕಾದರೆ ಗಂಟೆಗೆ 162 ಲೀಟರ್. 162ನ್ನು 0.863ರಿಂದ ಭಾಗಿಸಿ: ಫ್ಲೋಟ್ ನಿಲ್ಲಬೇಕಾದ ಗೆರೆ 188ರ ಹತ್ತಿರ. ಅದರ ಬದಲು 162ಕ್ಕೇ ನಿಲ್ಲಿಸಿದರೆ ಅರ್ಧ ಗಂಟೆಯಲ್ಲಿ ಹೋಗುವುದು 70 ಲೀಟರ್, ಅದರಲ್ಲಿ ಶುದ್ಧ ಆಸಿಡ್ 26 ಕಿಲೋ. ರೆಸಿನ್ ಅರೆಹೊಟ್ಟೆಯಲ್ಲಿ ಸರ್ವಿಸಿಗೆ ಹೋಗುತ್ತದೆ, ರೆಸಿನ್ ಹಿಡಿಯದ ಸೋಡಿಯಂ ನೀರಿನೊಡನೆ ದಾಟಿಹೋಗುವ ಸೋಡಿಯಂ ಸ್ಲಿಪ್ ಬೇಗ ಶುರುವಾಗುತ್ತದೆ, ದೂರು ರೆಸಿನ್ ಮೇಲೆ ಬರುತ್ತದೆ.

ಟೆಫ್ಲಾನ್ ಫ್ಲೋಟ್ ಮತ್ತು ಈ ಆಸಿಡ್ಡಿನ ಜೋಡಿಯಲ್ಲಿ ಒಂದು ಸೊಗಸಿದೆ. ಗಂಟೆಗೆ 140 ಲೀಟರ್ ಆಸಿಡ್ಡನ್ನು 1.16ರಿಂದ ಗುಣಿಸಿದರೆ 162 ಕಿಲೋ. ನೀರಿನ ಸ್ಕೇಲಿನ ಮೇಲೆ ಓದಿದ ಅಂಕಿಯೂ 162! ಇದು ಕಾಕತಾಳೀಯವಲ್ಲ. ಫ್ಲೋಟಿನ ಸಾಂದ್ರತೆ ದ್ರವದ ಸಾಂದ್ರತೆಯ ಸುಮಾರು ಎರಡು ಪಟ್ಟು ಇದ್ದಾಗ, ಸಾಂದ್ರತೆ ಸ್ವಲ್ಪ ಆಚೀಚೆ ಆದರೂ ಒಂದು ಎತ್ತರದಲ್ಲಿ ಹರಿಯುವ ತೂಕ ಬದಲಾಗುವುದಿಲ್ಲ. ಟೆಫ್ಲಾನ್ 2200, ಅದರ ಅರ್ಧ 1100. ನೀರು ಒಂದು ಬದಿಗೆ, ಆಸಿಡ್ ಇನ್ನೊಂದು ಬದಿಗೆ. ಹಾಗಾಗಿ ಗಟ್ಟಿ ಟೆಫ್ಲಾನ್ ಫ್ಲೋಟ್ ಇರುವ ನೀರಿನ ಸ್ಕೇಲನ್ನು, ಸಾಂದ್ರತೆ 950ರಿಂದ 1250ರ ಒಳಗಿನ ತೆಳು ದ್ರವಗಳಿಗೆ, ಗಂಟೆಗೆ ಇಷ್ಟು ಕಿಲೋ ಎಂದು ನೇರವಾಗಿ ಓದಿಕೊಳ್ಳಬಹುದು. ತಪ್ಪು 1% ಒಳಗೇ ಇರುತ್ತದೆ. 93.75 ಕಿಲೋ ಅರ್ಧ ಗಂಟೆಯಲ್ಲಿ ಅಂದರೆ ಗಂಟೆಗೆ 187.5 ಕಿಲೋ, ಮೇಲಿನ ದೊಡ್ಡ ಲೆಕ್ಕ ಕೊಟ್ಟ ಗೆರೆಯೂ ಅದೇ. ಆಪರೇಟರಿಗೆ ವರ್ಗಮೂಲ ಹೇಳಿಕೊಡುವುದಕ್ಕಿಂತ ಮೀಟರ್ ಪಕ್ಕ ಈ ಒಂದು ಸಾಲು ಅಂಟಿಸುವುದು ಉತ್ತಮ. ಸ್ಟೀಲ್ ಫ್ಲೋಟಿಗೆ ಈ ಸುಲಭ ದಾರಿ ಇಲ್ಲ.

ಹಂತ 5: ಟ್ಯಾಂಕ್ ಇಳಿತದಿಂದ ತಾಳೆ ನೋಡಿ

ಮೆಷರಿಂಗ್ ಟ್ಯಾಂಕಿನ ಒಳವ್ಯಾಸ 400 ಮಿಮೀ ಇದ್ದರೆ ಒಂದು ಸೆಂಟಿಮೀಟರ್ ಇಳಿತಕ್ಕೆ 1.257 ಲೀಟರ್. ಫ್ಲೋಟನ್ನು 188ಕ್ಕೆ ನಿಲ್ಲಿಸಿ ಹದಿನೈದು ನಿಮಿಷ ಬಿಟ್ಟರೆ ಮಟ್ಟ ಸುಮಾರು 32 ಸೆಂಟಿಮೀಟರ್ ಇಳಿಯಬೇಕು. ಆ ಹೊತ್ತಿನಲ್ಲಿ ಟ್ಯಾಂಕ್ ತುಂಬುವ ವಾಲ್ವ್ ಪೂರ್ತಿ ಮುಚ್ಚಿರಲಿ, ಫ್ಲೋಟ್ ಅಲುಗದಂತೆ ಒಬ್ಬರು ಕಣ್ಣಿಟ್ಟಿರಲಿ. ಮಟ್ಟ ಇಳಿದಂತೆ ಹರಿವೂ ಇಳಿಯುವುದುಂಟು.

ಫ್ಲೋಟಿನ ಯಾವ ಅಂಚನ್ನು ಓದಬೇಕು ಎಂಬುದು ಮೀಟರಿನಿಂದ ಮೀಟರಿಗೆ ಬೇರೆ. ಬಹುಪಾಲು ಅತಿ ಅಗಲವಾದ ಅಂಚು, ಆದರೆ ಕೈಪಿಡಿ ನೋಡಿಯೇ ನಿರ್ಧರಿಸಿ. ಇನ್ನೊಂದು ಮಾತು: ಸಾಮಾನ್ಯ ಗಾಜಿನ ಮೀಟರಿನ ನಿಖರತೆ ಪೂರ್ಣ ಸ್ಕೇಲಿನ 2% ಎಂದಿದ್ದು ಸ್ಕೇಲ್ 400ರ ತನಕ ಇದ್ದರೆ, ಎಲ್ಲ ಗೆರೆಯಲ್ಲೂ ಎಂಟು ಲೀಟರ್ ಆಚೀಚೆ ಸಹಜ. 160ರಲ್ಲಿ ಅದೇ 5% ಆಯಿತು. ಆದ್ದರಿಂದ ಗುಣಕವನ್ನು ನಾಲ್ಕನೇ ದಶಮಾಂಶಕ್ಕೆ ಎಳೆಯುವುದು ವ್ಯರ್ಥ.

ಸೂತ್ರ ಕೈಕೊಡುವುದು ಎಲ್ಲಿ

ಮೇಲಿನ ಸೂತ್ರಕ್ಕೆ ಸ್ನಿಗ್ಧತೆ ಗೊತ್ತೇ ಇಲ್ಲ. 32% ಆಸಿಡ್ ನೀರಿನ ಎರಡು ಪಟ್ಟಿನಷ್ಟು ಮಾತ್ರ ಮಂದ, ಅಲ್ಲಿ ತೊಂದರೆ ಇಲ್ಲ. 60% ಸಕ್ಕರೆ ಪಾಕ 20 ಡಿಗ್ರಿಯಲ್ಲಿ 58 ಸೆಂಟಿಪಾಯ್ಸ್ ಹತ್ತಿರ, 40 ಡಿಗ್ರಿಯಲ್ಲಿ ಸುಮಾರು 21. ಸಾಂದ್ರತೆ ಹೆಚ್ಚುಕಡಿಮೆ ಹಾಗೇ ಇದ್ದು, ಅದೇ ಹರಿವಿಗೆ ಫ್ಲೋಟ್ ಬೆಳಗಿನ ತಣ್ಣನೆ ಹೊತ್ತಿನಲ್ಲಿ ಮೇಲೆ, ಬಿಸಿಯಾದಾಗ ಕೆಳಗೆ ನಿಲ್ಲುತ್ತದೆ. ಮಂದ ದ್ರವ ಫ್ಲೋಟಿನ ಮೈಗೆ ಉಜ್ಜಿಕೊಂಡು ಎಳೆಯುವುದರಿಂದ ನಿಜವಾದ ಹರಿವು ಲೆಕ್ಕಕ್ಕಿಂತಲೂ ಕಡಿಮೆ ಇರುತ್ತದೆ. 98% ಸಲ್ಫ್ಯೂರಿಕ್ ಆಸಿಡ್ ಕೂಡ ಈ ಸಾಲಿನದೇ.

ತೊಂದರೆ ಸ್ನಿಗ್ಧತೆಯದೋ ಅಲ್ಲವೋ ತಿಳಿಯಲು ಮೂರು ಗೆರೆಗಳಲ್ಲಿ, ಸ್ಕೇಲಿನ ಕಾಲು, ಅರ್ಧ, ಮುಕ್ಕಾಲಿನ ಹತ್ತಿರ, ಟ್ಯಾಂಕ್ ಇಳಿತ ಅಳೆಯಿರಿ. ಪ್ರತಿಯೊಂದರಲ್ಲೂ ಅಳೆದದ್ದನ್ನು ಲೆಕ್ಕದ ಹರಿವಿನಿಂದ ಭಾಗಿಸಿ. ಮೂರೂ ಒಂದರ ಆಸುಪಾಸು ಇದ್ದರೆ ಸೂತ್ರ ನಂಬಬಹುದು. ಮೂರೂ ಒಂದೇ ಆಗಿದ್ದು ಒಂದರಿಂದ ದೂರವಿದ್ದರೆ ಫ್ಲೋಟಿನ ಸಾಂದ್ರತೆಯನ್ನೋ ಸ್ಕೇಲಿನ ಆಧಾರವನ್ನೋ ತಪ್ಪು ಹಿಡಿದಿದ್ದೀರಿ. ಕೆಳಗಿನ ಗೆರೆಗಳಿಗೆ ಹೋದಂತೆ ಅನುಪಾತ ಕುಸಿದರೆ ಸ್ನಿಗ್ಧತೆಯನ್ನು ಶಂಕಿಸಿ. ಆಗ ಒಂದೇ ಗುಣಕ ಸಾಲದು. ಆ ದ್ರವಕ್ಕೆ, ಆ ತಾಪಮಾನದಲ್ಲಿ ಅಳೆದು ಹೊಸ ಪಟ್ಟಿಯನ್ನೇ ಮಾಡಿಕೊಳ್ಳಬೇಕು.

ಗಾಳಿ, ನೈಟ್ರೋಜನ್: ಇಲ್ಲಿ ಒತ್ತಡವೇ ಯಜಮಾನ

ಅನಿಲದ ಸಾಂದ್ರತೆ ಫ್ಲೋಟಿನ ಮುಂದೆ ಏನೂ ಅಲ್ಲ, ಆದ್ದರಿಂದ ಫ್ಲೋಟ್ ಸೂತ್ರದಿಂದ ಹೊರಬೀಳುತ್ತದೆ. ಆದರೆ ಒತ್ತಡ, ತಾಪಮಾನಗಳಿಂದ ಅನಿಲದ ಸಾಂದ್ರತೆ ಹಲವು ಪಟ್ಟು ಬದಲಾಗುತ್ತದೆ. ಸ್ಕೇಲ್ ನಾರ್ಮಲ್ ಘನ ಮೀಟರಿನಲ್ಲಿದ್ದರೆ:

```
Qn2 = Qn1 × √[ (P2/P1) × (T1/T2) × (M1/M2) ]
```

`P` ಗೇಜ್ ಒತ್ತಡವಲ್ಲ, ನಿರಪೇಕ್ಷ ಒತ್ತಡ. `T` ಕೆಲ್ವಿನ್‌ನಲ್ಲಿ, `M` ಅಣುತೂಕ. `P1`, `T1` ಎಂದರೆ ಸ್ಕೇಲ್ ಮಾಡಿದಾಗ ಟ್ಯೂಬಿನೊಳಗೆ ಇದ್ದ ಸ್ಥಿತಿ, ಪಟ್ಟಿಯಲ್ಲಿ ಬರೆದಿರುವುದು. ಅದನ್ನು ನಾರ್ಮಲ್ ಸ್ಥಿತಿಯ 0 ಡಿಗ್ರಿ, 1.013 ಬಾರ್ ಜೊತೆ ಬೆರೆಸಬೇಡಿ. ಸ್ಕೇಲನ್ನು 3 ಬಾರ್ ಗೇಜಿಗೆ ಮಾಡಿದ್ದರೆ `P1` ಸುಮಾರು 4 ಬಾರ್, ಒಂದಲ್ಲ.

ಬೆಂಗಳೂರಿನ ಒಂದು ಲೈನ್ ತೆಗೆದುಕೊಳ್ಳೋಣ. ಪಟ್ಟಿಯಲ್ಲಿ `AIR, 1.013 bar a, 20 °C` ಎಂದಿದೆ. ಹರಿಯುತ್ತಿರುವುದು 3 ಬಾರ್ ಗೇಜ್, 40 ಡಿಗ್ರಿ ನೈಟ್ರೋಜನ್. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ವಾತಾವರಣದ ಒತ್ತಡ 0.91 ಬಾರ್ ಹತ್ತಿರ. ಹಾಗಾಗಿ `P2` 3.91, ಮಂಗಳೂರಿನಲ್ಲಾದರೆ 4.01.

```
√[ (3.91/1.013) × (293/313) × (28.96/28.01) ] = √3.74 = 1.93
```

ರೀಡಿಂಗ್ 10 ಇದ್ದರೆ ಹೋಗುತ್ತಿರುವುದು 19.3 ನಾರ್ಮಲ್ ಘನ ಮೀಟರ್. ಇಲ್ಲಿ ಊರಿನ ಎತ್ತರದಿಂದ ಆದ ವ್ಯತ್ಯಾಸ ಒಂದು ಶೇಕಡದ ಚಿಲ್ಲರೆ. ಆದರೆ ಹೊರಗಾಳಿಗೆ ತೆರೆದುಕೊಂಡ ಮೀಟರಿನಲ್ಲಿ, ಉಳಿದೆಲ್ಲ ಪಟ್ಟಿಯಲ್ಲಿದ್ದಂತೆಯೇ ಇದ್ದರೂ, 0.91ನ್ನು 1.013ರಿಂದ ಭಾಗಿಸಿದ್ದರ ವರ್ಗಮೂಲ 0.948: ಬೆಂಗಳೂರಿನಲ್ಲಿ ಸುಮ್ಮನೆ 5% ಹೆಚ್ಚು ತೋರಿಸುತ್ತದೆ.

ದಿಕ್ಕಿನ ಪರೀಕ್ಷೆ ಇಲ್ಲಿ ಹೀಗೆ: ನಾರ್ಮಲ್ ಘನ ಮೀಟರಿನಲ್ಲಿ ಒತ್ತಡ ಏರಿದರೆ ನಿಜವಾದ ಹರಿವು ರೀಡಿಂಗಿಗಿಂತ ಹೆಚ್ಚು. ದ್ರವದ್ದಕ್ಕೆ ಉಲ್ಟಾ ಎನಿಸಿದರೆ ಗಾಬರಿ ಬೇಡ. ನಾರ್ಮಲ್ ಘನ ಮೀಟರ್ ಎನ್ನುವುದು ವಾಸ್ತವದಲ್ಲಿ ಅನಿಲದ ತೂಕವನ್ನೇ ಬೇರೆ ಹೆಸರಲ್ಲಿ ಹೇಳುವ ರೀತಿ. ತಾಪಮಾನವನ್ನು ಸೆಲ್ಸಿಯಸ್‌ನಲ್ಲೇ ಹಾಕಿದರೆ 20/40 ಆಗಿ ಉತ್ತರ ನಾಲ್ಕನೇ ಒಂದಕ್ಕಿಂತ ಹೆಚ್ಚು ಕುಸಿಯುತ್ತದೆ. ಕೆಲ್ವಿನ್‌ನಲ್ಲಿ ಅದರ ಪರಿಣಾಮ ಬರೀ 3%.

ಕೊನೆಯದಾಗಿ, ಯಾವ ಗೇಜ್ ಓದುತ್ತೀರಿ ಎಂಬುದು. ಬೇಕಾದದ್ದು ಫ್ಲೋಟ್ ಇರುವ ಜಾಗದ ಒತ್ತಡ. ಕಂಟ್ರೋಲ್ ವಾಲ್ವ್ ಮೀಟರಿನ ನಂತರ ಇದ್ದರೆ ಟ್ಯೂಬಿನಲ್ಲಿ ಹೆಡ್ಡರಿನ ಒತ್ತಡವೇ ಇರುತ್ತದೆ, ಹೆಡ್ಡರ್ ಗೇಜ್ ಸಾಕು. ವಾಲ್ವ್ ಮೀಟರಿಗಿಂತ ಮೊದಲಿದ್ದರೆ ಟ್ಯೂಬಿನಲ್ಲಿರುವುದು ವಾಲ್ವ್ ದಾಟಿ ಬಂದ ಕಡಿಮೆ ಒತ್ತಡ. ಅಲ್ಲಿ ಹೆಡ್ಡರಿನ 3 ಬಾರನ್ನು ಸೂತ್ರಕ್ಕೆ ಹಾಕಿದರೆ, ಗಾಳಿಗೆ ತೆರೆದ ಲೈನಿಗೂ 1.93ರ ಗುಣಕ ಬಿದ್ದು ಕಾಗದದ ಮೇಲೆ ಹರಿವು ಎರಡು ಪಟ್ಟಾಗುತ್ತದೆ. ಮೀಟರಿನ ಔಟ್‌ಲೆಟ್‌ಗೆ ಒಂದು ಟೀ ಹಾಕಿ ಸಣ್ಣ ಗೇಜ್ ಕೂರಿಸಿ. ವಾಲ್ವನ್ನೇ ಮೀಟರಿನ ನಂತರಕ್ಕೆ ಸರಿಸಲು ಜಾಗವಿದ್ದರೆ ಇನ್ನೂ ಒಳ್ಳೆಯದು: ಅನಿಲದಲ್ಲಿ ಫ್ಲೋಟ್ ಕುಣಿಯುವುದೂ ಅದರಿಂದ ಬಹುಮಟ್ಟಿಗೆ ನಿಲ್ಲುತ್ತದೆ.